ರೆಸ್ಯೂಮೆ ಇಲ್ಲದೆ ಒಂದೇ ಕ್ಲಿಕ್‌ನಲ್ಲಿ ಹೋದ ಅರ್ಜಿಯನ್ನು ಆ ಕಡೆಯವರು ಹೇಗೆ ಓದುತ್ತಾರೆ?

"ಅಪ್ಲೈ ಮಾಡ್ತಾನೇ ಇದ್ದೀನ್ರೀ, ಒಂದೂ ಫೋನ್ ಬರವಲ್ದು." ಕಲಬುರಗಿಯಲ್ಲಿ ಬಿ.ಕಾಂ. ಮುಗಿಸಿ ಎರಡು ಮೂರು ವರ್ಷ ಕೆಲಸ ಮಾಡಿದ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ನಾನು ಪದೇ ಪದೇ ಕೇಳುತ್ತೇನೆ. ಎಲ್ಲಿ ಅಪ್ಲೈ ಮಾಡಿದೆ ಅಂದರೆ ಫೋನ್ ತೆಗೆದು ಲಿಂಕ್ಡ್‌ಇನ್ ತೋರಿಸುತ್ತಾರೆ. ಕೆಳಗೆ ಉದ್ದಕ್ಕೆ ಅರ್ಜಿಗಳ ಸಾಲು. ಎಲ್ಲವೂ Easy Apply ಬಟನ್ ಒತ್ತಿ ಕಳಿಸಿದವು, ಎಷ್ಟಕ್ಕೋ ರೆಸ್ಯೂಮೆ ಹಚ್ಚಿಯೇ ಇಲ್ಲ. ಕಂಪನಿಯವರು ರೆಸ್ಯೂಮೆ ಕಡ್ಡಾಯ ಅಂತ ಇಟ್ಟಿರದಿದ್ದರೆ ಅದಿಲ್ಲದೆಯೂ ಅರ್ಜಿ ಹೋಗುತ್ತದೆ. ಫೋನ್ ನಂಬರ್, ಮೇಲ್, ಒಂದೆರಡು ಪ್ರಶ್ನೆಗೆ ಉತ್ತರ, ಅಷ್ಟೇ.

ನಾನು ಅಕೌಂಟ್ಸ್ ವಿಭಾಗಕ್ಕೆ ಜನರನ್ನು ಆರಿಸುವ ಕೆಲಸದಲ್ಲಿ ಇರುವವನು, ಅಂದರೆ ಆ ಬಟನ್‌ನ ಇನ್ನೊಂದು ತುದಿಯಲ್ಲಿ ಕೂರುವವನು. ಆದ್ದರಿಂದ ಒಂದು ಮಾತು ಮೊದಲೇ ಹೇಳುತ್ತೇನೆ. ರೆಸ್ಯೂಮೆ ಇಲ್ಲದ ಅರ್ಜಿ ಬಂದಾಗ ನಾವು ನಿಮ್ಮ ಪ್ರೊಫೈಲ್ ತೆರೆದು ಮೇಲಿಂದ ಕೆಳಗೆ ಓದುತ್ತೇವೆ ಅಂತ ನೀವು ಅಂದುಕೊಂಡಿದ್ದರೆ ಅದು ಸರಿಯಲ್ಲ. ಮೊದಲು ನಿಮ್ಮ ಉತ್ತರಗಳನ್ನು ಸಾಫ್ಟ್‌ವೇರ್ ನೋಡುತ್ತದೆ. ಅದು ದಾಟಿದ ಮೇಲೆ ನಿಮ್ಮ ಹೆಸರಿನ ಒಂದು ಸಾಲು ನಮ್ಮ ಪಟ್ಟಿಯಲ್ಲಿ ಕಾಣುತ್ತದೆ. ಆ ಸಾಲು ಚೆನ್ನಾಗಿದ್ದರೆ ಮಾತ್ರ ಪ್ರೊಫೈಲ್ ತೆರೆಯುತ್ತೇವೆ. ನೀವು ರಾತ್ರಿಯೆಲ್ಲ ಕೂತು ಚಂದವಾಗಿ ಬರೆದ About ಭಾಗ ನಮ್ಮ ಕಣ್ಣಿಗೆ ಬೀಳುವುದು ಕೊನೆಗೆ, ಬಿದ್ದರೆ.

ಇದನ್ನು ಸುಮ್ನೆ ಹೇಳಿದರೆ ಅರ್ಥವಾಗುವುದು ಕಷ್ಟ. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಇದು ಯಾರೋ ಒಬ್ಬರ ಕತೆ ಅಲ್ಲ, ದಿನಾ ಕಾಣುವ ತಪ್ಪುಗಳನ್ನು ಒಂದೇ ಪ್ರೊಫೈಲಿನಲ್ಲಿ ಇಟ್ಟಿದ್ದೇನೆ.

ಸೇಡಂ ಕಡೆಯ ಒಬ್ಬ ಹುಡುಗಿ. 2021ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬಿ.ಕಾಂ. ಆಯಿತು. ಕೊನೆಯ ಸೆಮಿಸ್ಟರ್ ಓದುವಾಗಲೇ, ಜನವರಿಯಿಂದ ಜುಲೈವರೆಗೆ ಏಳು ತಿಂಗಳು, ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೂತು ಟ್ಯಾಲಿ ಕಲಿತಳು, ಎಂಟ್ರಿ ಮಾಡಿದಳು. 2021ರ ಆಗಸ್ಟ್‌ನಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಅಕೌಂಟೆಂಟ್ ಆಗಿ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ತೊಗರಿ ಖರೀದಿಯ ಬಿಲ್ಲು, ಬೇಳೆ ಮಾರಾಟದ ಇನ್‌ವಾಯ್ಸ್, ಲಾರಿ ಹೊರಡುವ ಮುಂಚೆ ಇ-ವೇ ಬಿಲ್, ತಿಂಗಳಿಗೆ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕ ತಾಳೆ ಹಾಕುವುದು, ಎಲ್ಲ ಅವಳೇ. ಕೆಲಸ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. 2025ರ ಜೂನ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಒಂದು ಕ್ಲಿಕ್‌ನಲ್ಲಿ ಅರ್ಜಿ ಹಾಕುತ್ತಾಳೆ. ರೆಸ್ಯೂಮೆ ಇಲ್ಲ.

ಅರ್ಜಿಯಲ್ಲಿ ಮೂರು ಪ್ರಶ್ನೆ ಬರುತ್ತವೆ ಅಂತಿಟ್ಟುಕೊಳ್ಳಿ. ಮೊದಲನೆಯದು ಟ್ಯಾಲಿಯಲ್ಲಿ ಎಷ್ಟು ವರ್ಷದ ಅನುಭವ ಅಂತ. ಎರಡನೆಯದು "Are you comfortable commuting to this job's location?" ಮೂರನೆಯದು ವರ್ಷಕ್ಕೆ ಎಷ್ಟು ಸಂಬಳ ನಿರೀಕ್ಷೆ ಅಂತ. ನೋಡಲು ಸಣ್ಣ ಪ್ರಶ್ನೆಗಳು. ಬಹಳ ಅರ್ಜಿಗಳು ಇಲ್ಲೇ ನಿಂತುಹೋಗುತ್ತವೆ.

ಯಾಕೆ ಅಂದರೆ, ಹುದ್ದೆ ಹಾಕುವಾಗ ಕಂಪನಿಯವರು ಪ್ರತಿ ಪ್ರಶ್ನೆಗೂ ತಮಗೆ ಬೇಕಾದ ಉತ್ತರ ಏನು ಅಂತ ಮೊದಲೇ ತುಂಬಿಡಬಹುದು, ಇದು ಇರಲೇಬೇಕು ಅಂತ ಗುರುತು ಹಾಕಬಹುದು. ಟ್ಯಾಲಿಗೆ ಕನಿಷ್ಠ 4 ವರ್ಷ ಅಂತ ಇಟ್ಟಿದ್ದರೆ, 3 ಅಂತ ಬರೆದವರ ಅರ್ಜಿ 'ಹೊಂದುವುದಿಲ್ಲ' ಅನ್ನುವ ಗುಂಪಿಗೆ ತಾನಾಗಿಯೇ ಹೋಗುತ್ತದೆ. ಅಂಥವರಿಗೆ ವಿಷಾದದ ಮೇಲ್ ತಾನಾಗಿ ಹೋಗುವ ಹಾಗೆಯೂ ಇಡಬಹುದು. ಆ ಗುಂಪನ್ನು ತೆರೆದು ನೋಡುವುದು ನಮ್ಮ ಇಷ್ಟ. ಮೊದಲ ಗುಂಪಿನಲ್ಲೇ ಸಾಕಷ್ಟು ಜನ ಸಿಕ್ಕರೆ ಅತ್ತ ಯಾರೂ ಹೋಗುವುದಿಲ್ಲ. ಅಂದರೆ ನಿಮ್ಮ ಪ್ರೊಫೈಲ್ ಎಷ್ಟೇ ಚೆನ್ನಾಗಿರಲಿ, ಯಾವ ಮನುಷ್ಯನೂ ಅದನ್ನು ನೋಡಿರುವುದಿಲ್ಲ.

ಈಗ ನಮ್ಮ ಹುಡುಗಿ ಟ್ಯಾಲಿ ಪ್ರಶ್ನೆಗೆ ಏನು ಬರೆಯುತ್ತಾಳೆ? ಮಿಲ್ಲಿಗೆ ಸೇರಿ ಮೂರು ವರ್ಷ ಹತ್ತು ತಿಂಗಳು. ಆ ಪೆಟ್ಟಿಗೆಯಲ್ಲಿ ಪೂರ್ಣ ಸಂಖ್ಯೆ ಮಾತ್ರ ಹಾಕಬಹುದು, 3.8 ಅಂತ ಹಾಕಲು ಬರುವುದಿಲ್ಲ. ಪ್ರಾಮಾಣಿಕ ಹುಡುಗಿ, 3 ಅಂತ ಹಾಕುತ್ತಾಳೆ. ಅರ್ಜಿ ಹೊರಗೆ ಬಿತ್ತು. ಆದರೆ ಪ್ರಶ್ನೆ ಮಿಲ್ಲಿನಲ್ಲಿ ಎಷ್ಟು ವರ್ಷ ಅಂತ ಅಲ್ಲ, ಟ್ಯಾಲಿಯಲ್ಲಿ ಎಷ್ಟು ವರ್ಷ ಅಂತ. ಕನ್ಸಲ್ಟೆಂಟ್ ಆಫೀಸಿನ ಏಳು ತಿಂಗಳು ಸೇರಿಸಿದರೆ ನಾಲ್ಕು ವರ್ಷ ಐದು ತಿಂಗಳು ಆಗುತ್ತದೆ. 4 ಅನ್ನುವುದೇ ನಿಜವಾದ ಉತ್ತರ. ಇಲ್ಲದ ವರ್ಷ ಸೇರಿಸಿ ಅಂತ ನಾನು ಹೇಳುತ್ತಿಲ್ಲ, ಇರುವ ತಿಂಗಳನ್ನು ಬಿಡಬೇಡಿ ಅಂತ ಹೇಳುತ್ತಿದ್ದೇನೆ. ಅದಕ್ಕಿಂತ ಮುಖ್ಯ, ಆ ಏಳು ತಿಂಗಳು ಪ್ರೊಫೈಲಿನ ಅನುಭವದ ಪಟ್ಟಿಯಲ್ಲೂ ಇರಬೇಕು. ಇಲ್ಲದಿದ್ದರೆ ಉತ್ತರದಲ್ಲಿ 4, ಪ್ರೊಫೈಲಿನಲ್ಲಿ ಮೂರು ವರ್ಷ ಹತ್ತು ತಿಂಗಳು. ರೆಸ್ಯೂಮೆ ಇದ್ದಿದ್ದರೆ ಅದರಲ್ಲಿ ಹುಡುಕುತ್ತಿದ್ದೆವು. ಇಲ್ಲಿ ತಾಳೆ ನೋಡಲು ಬೇರೆ ಏನೂ ಇಲ್ಲ, ಹಾಗಾಗಿ ಉತ್ತರವೇ ಉಬ್ಬಿಸಿದ್ದು ಅಂತ ಅನ್ನಿಸಿಬಿಡುತ್ತದೆ.

ಎರಡನೆಯ ಪ್ರಶ್ನೆ ನಮ್ಮ ಕಡೆಯವರಿಗೆ ಬಹಳ ಹೊಡೆತ ಕೊಡುತ್ತದೆ. ಕಲಬುರಗಿಯಿಂದ ಬೆಂಗಳೂರಿಗೆ ದಿನಾ ಓಡಾಡುವುದು ಹೇಗೆ ಸಾಧ್ಯ? ರಾತ್ರಿಯಿಡೀ ರೈಲಿನಲ್ಲಿ ಕೂರುವ ದೂರ. ಆದ್ದರಿಂದ No ಒತ್ತುತ್ತಾರೆ. ಇದು ಲಿಂಕ್ಡ್‌ಇನ್‌ನ ಸಿದ್ಧ ಪ್ರಶ್ನೆಗಳಲ್ಲಿ ಒಂದು, ಹುದ್ದೆ ಹಾಕುವವರು ಇದನ್ನು ಆರಿಸಿಕೊಳ್ಳುತ್ತಾರೆ. ಅವರಿಗೆ ಬೇಕಿರುವುದು ಕೆಲಸ ಸಿಕ್ಕ ಮೇಲೆ ಆಫೀಸಿಗೆ ಬರುತ್ತೀರಾ ಇಲ್ಲವಾ ಅನ್ನುವ ಉತ್ತರ. ಬೆಂಗಳೂರಿಗೆ ಮನೆ ಬದಲಿಸಲು ನೀವು ನಿಜವಾಗಿ ತಯಾರಿದ್ದರೆ ಉತ್ತರ Yes. No ಅಂದರೆ ಸಾಫ್ಟ್‌ವೇರಿಗೆ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ತಿಳಿಯುವುದಿಲ್ಲ. ನೀವು ಬರುವುದಿಲ್ಲ ಅಂದ ಹಾಗೆ ಲೆಕ್ಕ.

ಮೂರನೆಯದರಲ್ಲಿ ಇನ್ನೊಂದು ಥರದ ತಪ್ಪು. ಲಿಂಕ್ಡ್‌ಇನ್ ನೀವು ಹಿಂದೆ ಕೊಟ್ಟ ಉತ್ತರಗಳನ್ನು ನೆನಪಿಟ್ಟುಕೊಂಡು ಮುಂದಿನ ಅರ್ಜಿಯಲ್ಲಿ ತಾನೇ ತುಂಬಬಲ್ಲದು. ಎರಡು ವರ್ಷದ ಹಿಂದೆ ಹೈದರಾಬಾದಿನ ಯಾವುದೋ ಹುದ್ದೆಗೆ ತಿಂಗಳ ಸಂಬಳ ಅಂದುಕೊಂಡು 18000 ಅಂತ ಬರೆದಿದ್ದರೆ, ಇವತ್ತು ವರ್ಷದ ಸಂಬಳ ಕೇಳುವ ಪೆಟ್ಟಿಗೆಯಲ್ಲಿ ಅದೇ 18000 ಕೂತಿರುತ್ತದೆ. ನೀವು ಮುಂದೆ, ಮುಂದೆ ಅಂತ ಒತ್ತುತ್ತಾ ಹೋಗುತ್ತೀರಿ. ಇದನ್ನು ನೋಡಿದವರಿಗೆ ಎರಡೇ ಅರ್ಥ ಹೊಳೆಯುತ್ತವೆ, ಪ್ರಶ್ನೆ ಓದಿಲ್ಲ ಅಥವಾ ಕೆಲಸದ ಬಗ್ಗೆ ಗಂಭೀರವಾಗಿಲ್ಲ. ಅಕೌಂಟೆಂಟ್ ಹುದ್ದೆಗೆ ಅಂಕಿ ತಪ್ಪಿದರಂತೂ ಕ್ಷಮೆ ಕಡಿಮೆ. ಕೆಲಸ ಬಿಡಲು ಎಷ್ಟು ದಿನ ಬೇಕು ಅನ್ನುವ ಪ್ರಶ್ನೆಯಲ್ಲೂ ಇದೇ ಆಗುತ್ತದೆ.

ಸರಿ, ಪ್ರಶ್ನೆಗಳು ದಾಟಿದವು. ಈಗ ಪಟ್ಟಿ.

ನನ್ನ ಪರದೆಯ ಮೇಲೆ ಅರ್ಜಿದಾರರು ಒಬ್ಬರ ಕೆಳಗೆ ಒಬ್ಬರು ಇರುತ್ತಾರೆ. ಒಬ್ಬೊಬ್ಬರಿಗೂ ಫೋಟೋ, ಹೆಸರು, ಹೆಸರಿನ ಕೆಳಗಿನ ಸಾಲು, ಊರು, ಈಗಿನ ಕೆಲಸ, ಓದು, ಪ್ರಶ್ನೆಗಳಲ್ಲಿ ಎಷ್ಟು ಹೊಂದಿದವು ಅನ್ನುವುದು. ಇಷ್ಟರಲ್ಲೇ ತೀರ್ಮಾನ ಆಗುತ್ತದೆ, ತೆರೆಯಬೇಕಾ ಬೇಡವಾ ಅಂತ. ಹೆಸರಿನ ಕೆಳಗಿನ ಸಾಲಿಗೆ ಲಿಂಕ್ಡ್‌ಇನ್‌ನಲ್ಲಿ Headline ಅನ್ನುತ್ತಾರೆ, 220 ಅಕ್ಷರದವರೆಗೆ ಬರೆಯಬಹುದು. ನಮ್ಮ ಹುಡುಗಿ ಕಾಲೇಜಿನಲ್ಲಿದ್ದಾಗ ಖಾತೆ ತೆರೆದಿದ್ದಳು, ಆಗ ತಾನಾಗಿ ಬಂದ ಸಾಲು ಹಾಗೇ ಇದೆ:

```
Student at Gulbarga University
```

ಮಿಲ್ಲಿನ ಕೆಲಸವನ್ನು ಅವಳು ಆಮೇಲೆ ಸೇರಿಸಿದಳು. ಆದರೆ ಕೆಲಸ ಸೇರಿಸಿದ ಮಾತ್ರಕ್ಕೆ ಮೇಲಿನ ಸಾಲು ಬದಲಾಗಬೇಕು ಅಂತಿಲ್ಲ, ಅದನ್ನು ನೀವೇ ತಿದ್ದಬೇಕು. ನಾಲ್ಕು ವರ್ಷ ಅನುಭವ ಬೇಕು ಅನ್ನುವ ಹುದ್ದೆಯ ಪಟ್ಟಿಯಲ್ಲಿ ವಿದ್ಯಾರ್ಥಿ ಅಂತ ಬಂದರೆ ಕಣ್ಣು ಮುಂದೆ ಜಾರುತ್ತದೆ. ಅದಕ್ಕೆ ಯಾರನ್ನೂ ಬೈಯಲು ಆಗುವುದಿಲ್ಲ, ನೂರಾರು ಸಾಲು ನೋಡುವಾಗ ಎಲ್ಲರೂ ಹಾಗೇ ನೋಡುತ್ತಾರೆ. ಅವಳು ಬರೆಯಬೇಕಾಗಿದ್ದದ್ದು ಇಷ್ಟೇ:

```
Accountant, 4 years | TallyPrime, GST returns, e-way bill | Open to Bengaluru
```

ಇದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ ಗಮನಿಸಿ. ಶ್ರಮಜೀವಿ, ತಂಡದಲ್ಲಿ ಬೆರೆಯುವವಳು, ಕಲಿಯುವ ಹಂಬಲ ಇರುವವಳು ಅನ್ನುವ ಥರದ ಮಾತುಗಳನ್ನು ಜನ ಇಲ್ಲಿ ತುಂಬುತ್ತಾರೆ. ಅದು ಎಲ್ಲರ ಸಾಲಿನಲ್ಲೂ ಇರುವುದರಿಂದ ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಏನು ಕೆಲಸ, ಎಷ್ಟು ವರ್ಷ, ಯಾವ ಸಾಫ್ಟ್‌ವೇರ್, ಯಾವ ಊರಿಗೆ ಬರಲು ತಯಾರು. ಪಟ್ಟಿ ನೋಡುವವರಿಗೆ ಬೇಕಾದದ್ದು ಇಷ್ಟೇ. ಕೊನೆಯದು ನಮ್ಮ ಜಿಲ್ಲೆಗಳವರಿಗೆ ಜಾಸ್ತಿ ಬೇಕು. ಪಕ್ಕದಲ್ಲೇ ಊರು ಅನ್ನುವ ಜಾಗದಲ್ಲಿ ಕಲಬುರಗಿ ಅಂತ ಇರುತ್ತದೆ, ಬೆಂಗಳೂರಿನಲ್ಲಿ ಕೂತವರು ಇವರು ಬರುತ್ತಾರೋ ಇಲ್ಲವೋ ಅಂತ ಯೋಚಿಸಿ ಅಲ್ಲೇ ಇರುವವರ ಕಡೆ ಹೋಗುತ್ತಾರೆ. ಹಾಗಂತ ಊರಿನ ಜಾಗದಲ್ಲೇ ಬೆಂಗಳೂರು ಅಂತ ಸುಳ್ಳು ಹಾಕಬೇಡಿ. ನಾಳೆ ಇಂಟರ್‌ವ್ಯೂಗೆ ಬನ್ನಿ ಅಂತ ಫೋನ್ ಬಂದರೆ ಅಲ್ಲಿಗೆ ಬಣ್ಣ ಬಯಲು.

ಇನ್ನು ಪ್ರೊಫೈಲ್ ತೆರೆದಾಗ ಏನಾಗುತ್ತದೆ ಅನ್ನುವುದು. ಇಲ್ಲೇ ರೆಸ್ಯೂಮೆಗೂ ಪ್ರೊಫೈಲಿಗೂ ಇರುವ ದೊಡ್ಡ ವ್ಯತ್ಯಾಸ ಗೊತ್ತಾಗುವುದು. ರೆಸ್ಯೂಮೆಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ನೀವು ನಿರ್ಧರಿಸುತ್ತೀರಿ. ಪ್ರೊಫೈಲಿನಲ್ಲಿ ಕೆಲಸಗಳು ತಾರೀಖಿನ ಪ್ರಕಾರ ಕೂರುತ್ತವೆ, ಈಗ ನಡೆಯುತ್ತಿರುವುದು ಮೇಲೆ, ಮುಗಿದದ್ದು ಕೆಳಗೆ. ಮಿಲ್ಲಿನ ಕೆಲಸದ ಜೊತೆಗೆ ಅವಳು ಒಂದು ಸಂಘದಲ್ಲಿ ಸ್ವಯಂಸೇವಕಿ ಆಗಿದ್ದು, ಅದನ್ನೂ ಕೆಲಸ ಅಂತಲೇ ಇತ್ತೀಚೆಗೆ ಸೇರಿಸಿ ಇವತ್ತಿನವರೆಗೆ ಅಂತ ಬಿಟ್ಟಿದ್ದರೆ, ಅದೇ ಮೇಲೆ ಬಂದು ಕೂರಬಹುದು. ನೋಡುವವರಿಗೆ ಅವಳ ಈಗಿನ ಕೆಲಸ ಅದೇ ಅಂತ ಕಾಣುತ್ತದೆ. ಅದಕ್ಕೆ ಬೇರೆ ಜಾಗ ಇದೆ, ಅಲ್ಲಿ ಹಾಕಬೇಕು. ಬಿಟ್ಟ ಕೆಲಸಕ್ಕೆ ಮುಗಿದ ತಿಂಗಳು ಹಾಕದೆ ಇರುವುದೂ ಇದೇ ಜಾತಿಯ ತಪ್ಪು. ಎರಡು ಕಂಪನಿಯಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದೀರಿ ಅಂತ ತೋರಿಸುತ್ತದೆ.

ತೆರೆದ ಮೇಲೆ ನಾನು ಮೊದಲು ನೋಡುವುದು ಈಗಿನ ಕೆಲಸದ ಕೆಳಗೆ ಏನಾದರೂ ಬರೆದಿದ್ದಾರಾ ಅಂತ. ಬಹಳ ಸಲ ಖಾಲಿ. ಹುದ್ದೆ, ಮಿಲ್ಲಿನ ಹೆಸರು, ತಾರೀಖು, ಮುಗಿಯಿತು. ಕಲಬುರಗಿಯವನಾದ ನನಗೆ ಆ ಮಿಲ್ಲು ಎಲ್ಲಿದೆ, ಸೀಸನ್‌ನಲ್ಲಿ ಎಷ್ಟು ಲಾರಿ ಬರುತ್ತವೆ, ಅಲ್ಲಿ ಅಕೌಂಟ್ಸ್ ಅಂದರೆ ಎಷ್ಟು ಕೆಲಸ ಅಂತ ಅಂದಾಜು ಇರುತ್ತದೆ. ನೆಹರೂ ಗಂಜ್‌ನಲ್ಲಿ ವ್ಯವಹಾರ ಮಾಡುವವರಿಗೆ ಮಿಲ್ಲಿನ ಹೆಸರೇ ಸಾಕು. ಬೆಂಗಳೂರಿನವರಿಗೆ ಆ ಹೆಸರು ಏನೂ ಹೇಳುವುದಿಲ್ಲ. ದಾಲ್ ಮಿಲ್ ಅಂದರೆ ಒಂದು ಸಣ್ಣ ಅಂಗಡಿ, ಅಕೌಂಟೆಂಟ್ ಅಂದರೆ ರೋಕಡ್ ಪುಸ್ತಕ ಬರೆಯುವವರು ಅಂತ ಅಂದುಕೊಂಡರೆ ಅಚ್ಚರಿ ಇಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿದವರಿಗೆ ಕಂಪನಿಯ ಹೆಸರೇ ಅರ್ಧ ಸಾಕ್ಷಿ ಹೇಳುತ್ತದೆ. ನಮ್ಮ ಊರಿನ ಮಿಲ್ಲು, ಸಿಮೆಂಟ್ ಕಾರ್ಖಾನೆಗೆ ಲಾರಿ ಬಿಡುವ ಟ್ರಾನ್ಸ್‌ಪೋರ್ಟ್ ಆಫೀಸು, ಗೊಬ್ಬರದ ಡೀಲರ್, ಇಂಥ ಕಡೆ ಕೆಲಸ ಮಾಡಿದವರು ಆ ಸಾಕ್ಷಿಯನ್ನು ತಾವೇ ಬರೆಯಬೇಕು. ಇದು ನ್ಯಾಯ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕೆಲಸಗಾರರು ಬರೀ ಮಾಲೀಕರ ಹೆಸರು ಹೊರಗಿನವರಿಗೆ ಗೊತ್ತಿಲ್ಲದ ಕಾರಣಕ್ಕೆ ಹಿಂದೆ ಬೀಳುವುದು ನೋಡಿದರೆ ನನಗೆ ಬಹಳ ಬೇಜಾರಾಗುತ್ತದೆ. ಆದರೆ ಪಟ್ಟಿ ಹೀಗೇ ಓದಲ್ಪಡುತ್ತದೆ.

ಏನು ಬರೆಯಬೇಕು? ಉದ್ದ ಬೇಡ, ಮೂರು ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಸಂಸ್ಥೆ ಏನು ಮಾಡುತ್ತದೆ ಅಂತ, ತೊಗರಿ ಖರೀದಿಸಿ ಬೇಳೆ ಮಾಡಿ ಹೊರ ರಾಜ್ಯಗಳಿಗೆ ಮಾರುವ ಮಿಲ್ ಅಂತ. ಮುಂದಿನದು ತಿಂಗಳಿಗೆ ಸುಮಾರು ಎಷ್ಟು ಇನ್‌ವಾಯ್ಸ್, ಎಷ್ಟು ಇ-ವೇ ಬಿಲ್ ತಾನೇ ಮಾಡುತ್ತಾಳೆ ಅಂತ. ಆಮೇಲೆ GSTR-1 ಮತ್ತು GSTR-3B ತಾನೇ ತಯಾರಿಸಿ ಸಲ್ಲಿಸುತ್ತಾಳಾ, ಅಥವಾ ಡೇಟಾ ಕೊಟ್ಟರೆ ಕನ್ಸಲ್ಟೆಂಟ್ ಸಲ್ಲಿಸುತ್ತಾರಾ ಅನ್ನುವುದು. ಈ ಕೊನೆಯ ವ್ಯತ್ಯಾಸ ಬರೀ ಜಿಎಸ್‌ಟಿ ಗೊತ್ತು ಅನ್ನುವುದಕ್ಕಿಂತ ಎಷ್ಟೋ ಮೇಲು. ಅಕೌಂಟ್ಸ್ ಗೊತ್ತಿರುವವರು ಓದಿದ ಕೂಡಲೇ ಇವಳು ಕೆಲಸ ಮಾಡಿದ್ದಾಳೆ ಅಂತ ಹೇಳಬಲ್ಲರು. ಡೇಟಾ ಮಾತ್ರ ಕೊಡುತ್ತಾಳೆ ಅಂದರೂ ತಪ್ಪಿಲ್ಲ, ಹಾಗೇ ಬರೆಯಲಿ. ಇಂಟರ್‌ವ್ಯೂದಲ್ಲಿ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಖಾಲಿ ಬಿಡುವುದಕ್ಕೆ ಒಂದು ಕಾರಣ ನನಗೂ ಗೊತ್ತು, ಅದನ್ನು ಮರೆತು ಉಪದೇಶ ಮಾಡುವುದು ಸರಿಯಲ್ಲ. ರೆಸ್ಯೂಮೆ ಆದರೆ ಕಳಿಸಿದವರಿಗೆ ಮಾತ್ರ ಹೋಗುತ್ತದೆ. ಪ್ರೊಫೈಲ್ ಎಲ್ಲರೂ ನೋಡಬಹುದಾದದ್ದು, ಊರು ಸಣ್ಣದು, ಸಾವುಕಾರರ ಮಗನೂ ಲಿಂಕ್ಡ್‌ಇನ್‌ನಲ್ಲಿ ಇರುತ್ತಾನೆ. ಇದ್ದಕ್ಕಿದ್ದಂತೆ ಪ್ರೊಫೈಲ್ ತುಂಬಿಕೊಂಡರೆ "ಏನವ್ವಾ, ಬಿಟ್ಟು ಹೊಂಟೀಯೇನು?" ಅನ್ನುವ ಪ್ರಶ್ನೆ ಬರುತ್ತದೆ. ಇದಕ್ಕೆ ಎರಡು ಕೆಲಸ ಮಾಡಬಹುದು. ಕೆಲಸದ ವಿವರ ತಿದ್ದುವಾಗ ಬದಲಾವಣೆಯನ್ನು ಪರಿಚಯದವರಿಗೆ ತಿಳಿಸುವ ಆಯ್ಕೆ ಇರುತ್ತದೆ, ಅದನ್ನು ಮೊದಲು ಬಂದ್ ಮಾಡಿ. ಮತ್ತೆ ಮಿಲ್ಲಿನ ವ್ಯವಹಾರ ಎಷ್ಟು ಕೋಟಿ, ಯಾರಿಗೆ ಮಾರುತ್ತಾರೆ ಅನ್ನುವುದನ್ನು ಯಾವತ್ತೂ ಬರೆಯಬೇಡಿ. ಅದು ನಿಮ್ಮ ಮಾಹಿತಿ ಅಲ್ಲ, ಅವರದ್ದು. ನೀವು ಮಾಡುವ ಬಿಲ್ಲುಗಳ ಅಂದಾಜು, ನೀವು ಸಲ್ಲಿಸುವ ರಿಟರ್ನ್, ನಿಮ್ಮ ಕೆಲಸದ ಅಳತೆ ಅಷ್ಟೇ ಸಾಕು. ಮೇಲಿನ ಸಾಲಿನಲ್ಲಿ ಬೆಂಗಳೂರಿಗೆ ತಯಾರು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುವುದು ಕಷ್ಟ ಅನ್ನಿಸಿದರೆ ಅದನ್ನು ಬಿಡಿ. ಆಗ ಆ ಎರಡನೆಯ ಪ್ರಶ್ನೆಯ Yes ಒಂದೇ ನಿಮ್ಮ ಪರವಾಗಿ ಮಾತಾಡಬೇಕು, ಹಾಗಾಗಿ ಅದನ್ನು ಇನ್ನೂ ನೋಡಿ ಒತ್ತಬೇಕು.

ನೌಕ್ರಿ ಡಾಟ್ ಕಾಮ್ ಅನ್ನುವ ಸೈಟಿನಲ್ಲಿ ವಿಷಯ ಸ್ವಲ್ಪ ಬೇರೆ. ಅಲ್ಲಿ ಪ್ರೊಫೈಲ್ ಅನ್ನುವುದೇ ಹೆಚ್ಚು ಪಾಲು ಆರಿಸುವ ಪೆಟ್ಟಿಗೆಗಳು. ಒಟ್ಟು ಅನುಭವ, ಈಗಿನ ಸಂಬಳ, ಕೆಲಸ ಬಿಡಲು ಬೇಕಾದ ಸಮಯ, ಇರುವ ಊರು, ಬೇಕಾದ ಊರು, ಮುಖ್ಯ ಕೌಶಲಗಳು. ಕಂಪನಿಯವರು ಇವುಗಳ ಮೇಲೆಯೇ ಸೋಸುತ್ತಾರೆ. ಒಂದು ಪೆಟ್ಟಿಗೆ ಖಾಲಿ ಇದ್ದರೆ ಆ ಸೋಸುವಿಕೆಯಲ್ಲಿ ನೀವು ಸಿಗುವುದೇ ಇಲ್ಲ. ಬೇಕಾದ ಊರು ಅನ್ನುವಲ್ಲಿ ಬೆಂಗಳೂರು ಹಾಕದೆ ಬೆಂಗಳೂರಿನ ಹುದ್ದೆಗಳಿಗೆ ಒತ್ತುತ್ತಲೇ ಇರುವವರು ಬಹಳ. ಇನ್ನೊಂದು, ಅಲ್ಲಿ ಕಂಪನಿಗಳು ನೀವು ಅರ್ಜಿ ಹಾಕದಿದ್ದರೂ ಹುಡುಕಬಹುದು, ಹುಡುಕುವಾಗ ರೆಸ್ಯೂಮೆ ಇರುವವರನ್ನು ಮಾತ್ರ ತೋರಿಸು ಅಂತ ಕೇಳಬಹುದು. ಆದ್ದರಿಂದ ನೌಕ್ರಿಯಲ್ಲಿ ಒಂದು ಸಾದಾ ರೆಸ್ಯೂಮೆ ಆದರೂ ಏರಿಸಿ ಇಡಿ.

ನಿಮ್ಮ ಅರ್ಜಿ ಎಲ್ಲಿ ನಿಂತಿತು ಅಂತ ಪೂರ್ತಿ ತಿಳಿಯಲು ದಾರಿ ಇಲ್ಲ, ಆದರೆ ಸ್ವಲ್ಪ ಅಂದಾಜು ಮಾಡಬಹುದು. ಲಿಂಕ್ಡ್‌ಇನ್‌ನಲ್ಲಿ ಅರ್ಜಿ ಹಾಕಿದ ಹುದ್ದೆಗಳ ಪಟ್ಟಿಗೆ ಹೋದರೆ ಕೆಲವಕ್ಕೆ ಅರ್ಜಿ ನೋಡಲಾಗಿದೆ ಅಂತ ಇರುತ್ತದೆ. ಯಾವುದಕ್ಕೂ ಆ ಗುರುತು ಬರದೆ ಕೆಲವು ದಿನ ಬಿಟ್ಟು ವಿಷಾದದ ಮೇಲ್ ಮಾತ್ರ ಬರುತ್ತಿದ್ದರೆ ಪ್ರಶ್ನೆಗಳ ಉತ್ತರವನ್ನು ಮೊದಲು ಅನುಮಾನಿಸಿ. ನೋಡಿದ್ದಾರೆ, ಆದರೆ ಫೋನ್ ಇಲ್ಲ ಅಂದರೆ ಮೇಲಿನ ಸಾಲು ಅಥವಾ ಖಾಲಿ ಬಿಟ್ಟ ಕೆಲಸದ ವಿವರ. ಒಂದೆರಡು ಅರ್ಜಿ ನೋಡಿ ತೀರ್ಮಾನಕ್ಕೆ ಬರಬೇಡಿ, ಕಂಪನಿಯವರು ಒಳಗಿನವರನ್ನೇ ತಗೊಂಡಿರಬಹುದು, ಹುದ್ದೆಯೇ ನಿಂತಿರಬಹುದು.

ಬಟನ್ ಒತ್ತುವ ಮುಂಚೆ ಮಾಡಬೇಕಾದ ಒಂದು ಪರೀಕ್ಷೆ ಇದೆ. ಕಂಪ್ಯೂಟರಿನಲ್ಲಿ ನಿಮ್ಮ ಲಿಂಕ್ಡ್‌ಇನ್ ಪ್ರೊಫೈಲ್ ತೆರೆದರೆ Save to PDF ಅನ್ನುವ ಆಯ್ಕೆ ಸಿಗುತ್ತದೆ. ಅದನ್ನು ಇಳಿಸಿ, ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ರೆಸ್ಯೂಮೆ ಇಲ್ಲದಾಗ ನೀವು ಕಾಗದದ ಮೇಲೆ ಹೇಗೆ ಕಾಣುತ್ತೀರಿ ಅಂತ ಅದರಲ್ಲಿ ಗೊತ್ತಾಗುತ್ತದೆ. ನಮ್ಮ ಹುಡುಗಿಯದ್ದು ಒಂದು ಪುಟವೂ ತುಂಬುವುದಿಲ್ಲ, ಪಕ್ಕದಲ್ಲಿ ಬರುವ ಮೊದಲ ಮೂರು ಕೌಶಲಗಳಲ್ಲಿ ಟ್ಯಾಲಿ ಇಲ್ಲ, ಕಾಲೇಜಿನಲ್ಲಿ ಯಾವಾಗಲೋ ಹಾಕಿದ ಪವರ್‌ಪಾಯಿಂಟ್ ಇದೆ. ಆ ಹಾಳೆಯನ್ನು ಅಕೌಂಟ್ಸ್ ಗೊತ್ತಿರುವ, ಆದರೆ ನಿಮ್ಮ ಪರಿಚಯ ಕಡಿಮೆ ಇರುವ ಯಾರಿಗಾದರೂ ಕೊಟ್ಟು, ಈ ವ್ಯಕ್ತಿ ಏನು ಕೆಲಸ ಮಾಡುತ್ತಾರೆ ಹೇಳಿ ಅಂತ ಕೇಳಿ. ಅವರು ತಡವರಿಸಿದ ಜಾಗ ಯಾವುದೋ ಅದನ್ನೇ ತಿದ್ದಬೇಕು.

ತಿದ್ದುವುದು ಮೊದಲು, ಒತ್ತುವುದು ಆಮೇಲೆ. ಕಳಿಸಿದ ಅರ್ಜಿಯ ಉತ್ತರಗಳನ್ನು ತಿದ್ದಲು ಬರುವುದಿಲ್ಲ. ಆಮೇಲೆ ಪ್ರೊಫೈಲ್ ಸರಿ ಮಾಡಿದರೆ ಹೊಸದಾಗಿ ತೆರೆದು ನೋಡುವವರಿಗೆ ಹೊಸದು ಕಾಣುತ್ತದೆ, ಆದರೆ ಕಂಪನಿ ತನ್ನದೇ ಸಾಫ್ಟ್‌ವೇರಿಗೆ ಎಳೆದುಕೊಂಡಿದ್ದರೆ ಅಲ್ಲಿ ಇರುವುದು ನೀವು ಒತ್ತಿದ ದಿನದ ಪ್ರತಿ. ತಪ್ಪು ಉತ್ತರ ಹೋಗಿಬಿಟ್ಟಿದೆ ಅಂತ ಗೊತ್ತಾದರೆ ಉಳಿಯುವ ದಾರಿ ಒಂದೇ. ಹುದ್ದೆ ಹಾಕಿದವರ ಹೆಸರು ಅಲ್ಲಿ ಕಾಣುತ್ತಿದ್ದರೆ ಅವರಿಗೆ ಎರಡು ಸಾಲಿನ ಮೆಸೇಜ್ ಹಾಕಿ, ಯಾವ ಹುದ್ದೆ, ಯಾವ ಉತ್ತರ ತಪ್ಪಾಗಿದೆ, ಸರಿಯಾದದ್ದು ಏನು ಅಂತ. ಇಂಥ ಮೆಸೇಜ್ ಬಂದಾಗ ನಾನು 'ಹೊಂದುವುದಿಲ್ಲ' ಗುಂಪನ್ನು ತೆರೆದು ಆ ಹೆಸರು ಹುಡುಕಿದ್ದೇನೆ.